ಸಾಲು ಒಡೆಯದ ಸಾರ್ಟ್: ಬೋನಸ್ ಪಟ್ಟಿಯಲ್ಲಿ ಹೆಸರು ಒಂದು ಕಡೆ, ಖಾತೆ ಇನ್ನೊಂದು ಕಡೆ ಆಗುವುದು ಹೇಗೆ?

ಬಂಟ್ವಾಳ ತಾಲೂಕಿನ ಕನ್ಯಾನ ಕೇರಳದ ಗಡಿಗೆ ತಾಗಿಕೊಂಡಿರುವ ಊರು. ಇಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಒಂದೇ ಹೆಸರಿನವರು ನಾಲ್ಕಾರು ಮಂದಿ ಇರುತ್ತಾರೆ, ಅವರನ್ನು ಬೇರೆ ಮಾಡಿ ಹೇಳಲು ಮನೆಯ ಹೆಸರೋ ಜಾಗದ ಹೆಸರೋ ಬೇಕಾಗುತ್ತದೆ. ಇಂಥ ಊರಿನಲ್ಲಿ ಪಟ್ಟಿ ಮಾಡುವ ಕೆಲಸ ಸದಾ ಇದ್ದೇ ಇರುತ್ತದೆ: ಹಾಲಿನ ಸೊಸೈಟಿಯ ಸದಸ್ಯರ ಪಟ್ಟಿ, ಸ್ವಸಹಾಯ ಸಂಘದ ಉಳಿತಾಯದ ಪಟ್ಟಿ, ಜಾತ್ರೆಯ ರಸೀದಿಗಳ ಪಟ್ಟಿ. ಹಿಂದೆ ಉದ್ದ ಪುಸ್ತಕದಲ್ಲಿ ಗೆರೆ ಎಳೆದು ಬರೆಯುತ್ತಿದ್ದ ಈ ಪಟ್ಟಿಗಳು ಈಗ ಎಕ್ಸೆಲ್‌ಗೋ ಗೂಗಲ್ ಶೀಟ್ಸ್‌ಗೋ ಬಂದಿವೆ.

ಪುಸ್ತಕದಲ್ಲಿ ಆಗಲು ಸಾಧ್ಯವೇ ಇಲ್ಲದ ಒಂದು ತಪ್ಪು ಶೀಟಿನಲ್ಲಿ ಒಂದೇ ಕ್ಲಿಕ್ಕಿಗೆ ಆಗುತ್ತದೆ. ಅಕಾರಾದಿಯಾಗಿ ಜೋಡಿಸಲು ಹೋದಾಗ ಒಬ್ಬರ ಹೆಸರಿನ ಮುಂದೆ ಮತ್ತೊಬ್ಬರ ಖಾತೆ ಬಂದು ಕೂರುತ್ತದೆ. ಅದು ಹೇಗೆ ಆಗುತ್ತದೆ, ಆಗಿದೆಯೆಂದು ಹೇಗೆ ಗೊತ್ತಾಗುತ್ತದೆ, ಆಗದಂತೆ ಏನು ಮಾಡಬೇಕು ಎಂಬುದನ್ನು ಹಾಲಿನ ಸೊಸೈಟಿಯ ಬೋನಸ್ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು ನೋಡೋಣ.

## ಶೀಟಿಗೆ ಸದಸ್ಯರು ಗೊತ್ತಿಲ್ಲ

ಪಟ್ಟಿ ನೋಡುವ ನಮಗೆ ಒಂದು ಸಾಲು ಎಂದರೆ ಒಬ್ಬ ಮನುಷ್ಯ. ಅವನ ಸಂಖ್ಯೆ, ಹೆಸರು, ಹಾಲಿನ ಲೆಕ್ಕ, ಖಾತೆ ಎಲ್ಲ ಸೇರಿ ಒಂದು ಗಂಟು. ಶೀಟಿನ ಒಳಗೆ ಅಂಥ ಗಂಟೇ ಇಲ್ಲ. ಅಲ್ಲಿರುವುದು ಬಿಡಿ ಬಿಡಿ ಸೆಲ್‌ಗಳು ಮಾತ್ರ. B2 ಸೆಲ್‌ನಲ್ಲಿರುವ ಹೆಸರಿಗೂ E2 ಸೆಲ್‌ನಲ್ಲಿರುವ ಖಾತೆಗೂ ಇರುವ ಸಂಬಂಧ ಇಷ್ಟೇ: ಎರಡೂ ಎರಡನೆಯ ಸಾಲಿನಲ್ಲಿವೆ.

ಸಾರ್ಟ್ ಮಾಡಿದಾಗ ತಂತ್ರಾಂಶ ಯಾವ ಸೆಲ್‌ಗಳನ್ನು ಜೊತೆಯಾಗಿ ಎತ್ತಿ ಬೇರೆಡೆ ಇಡುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಹೊತ್ತಿಗೆ ಆಯ್ಕೆಯಾಗಿರುವ ವ್ಯಾಪ್ತಿ. ಆ ವ್ಯಾಪ್ತಿಯ ಒಳಗಿರುವ ಕಾಲಂಗಳು ಒಟ್ಟಿಗೆ ಚಲಿಸುತ್ತವೆ, ಹೊರಗುಳಿದವು ಇದ್ದಲ್ಲೇ ಇರುತ್ತವೆ. ಮುಂದೆ ಬರುವ ಎಲ್ಲ ಅನಾಹುತಗಳ ಮೂಲ ಇದೇ. ಪ್ರತಿ ಬಾರಿಯೂ ಯಾವುದೋ ಒಂದು ಕಾಲಂ ವ್ಯಾಪ್ತಿಯಿಂದ ಹೊರಗುಳಿದಿರುತ್ತದೆ.

## ನಾಲ್ಕು ಸದಸ್ಯರ ಮಾದರಿ ಪಟ್ಟಿ

ಹಾಲಿನ ಸೊಸೈಟಿಗಳು ವರ್ಷದ ಲಾಭದಲ್ಲಿ ಹಾಲು ಹಾಕಿದ ಸದಸ್ಯರಿಗೆ ಬೋನಸ್ ಹಂಚುತ್ತವೆ. ಲೀಟರಿಗೆ ಒಂದೂವರೆ ರೂಪಾಯಿ ಎಂದು ಇಟ್ಟುಕೊಂಡು, ವಿವರಣೆಗೆಂದೇ ಕಟ್ಟಿದ ಪುಟ್ಟ ಪಟ್ಟಿ ಇದು. ಹೆಸರುಗಳೂ ಅಂಕಿಗಳೂ ಕಲ್ಪಿತ.

| ಸದಸ್ಯ ಸಂಖ್ಯೆ (A) | ಹೆಸರು (B) | ಲೀಟರ್ (C) | ಬೋನಸ್ ರೂ. (D) | ಖಾತೆಯ ಕೊನೆಯ ಅಂಕಿಗಳು (E) |
|---|---|---|---|---|
| 14 | ಸುಂದರ | 1440 | 2160 | 7718 |
| 22 | ಐತಪ್ಪ | 2600 | 3900 | 0342 |
| 31 | ಲಲಿತ | 720 | 1080 | 5561 |
| 37 | ಬಾಬು | 1980 | 2970 | 9026 |

ನೋಟಿಸ್ ಬೋರ್ಡಿಗೆ ಹಾಕಲು ಪಟ್ಟಿ ಅಕಾರಾದಿಯಾಗಿ ಬೇಕು. ಮಾಡುವವರು B, C, D ಕಾಲಂಗಳನ್ನು ಮೌಸಿನಿಂದ ಎಳೆದು ಆಯ್ದುಕೊಂಡು, ಹೆಸರಿನ ಪ್ರಕಾರ ಸಾರ್ಟ್ ಮಾಡುತ್ತಾರೆ. ನೋಟಿಸಿಗೆ ಬೇಕಾಗಿರುವುದು ಹೆಸರು, ಲೀಟರ್, ಮೊತ್ತ ಮಾತ್ರ, ಹಾಗಾಗಿ ಆ ಮೂರನ್ನೇ ಆಯ್ದುಕೊಳ್ಳುವುದು ಸಹಜ. ಆದ ಮೇಲೆ ಪಟ್ಟಿ ಹೀಗಿರುತ್ತದೆ:

| A | B | C | D | E |
|---|---|---|---|---|
| 14 | ಐತಪ್ಪ | 2600 | 3900 | 7718 |
| 22 | ಬಾಬು | 1980 | 2970 | 0342 |
| 31 | ಲಲಿತ | 720 | 1080 | 5561 |
| 37 | ಸುಂದರ | 1440 | 2160 | 9026 |

ಈ ಎರಡನೆಯ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಬೇಕು. ಹೆಸರುಗಳು ಅಕಾರಾದಿಯಾಗಿವೆ. ಸದಸ್ಯ ಸಂಖ್ಯೆಗಳು ಕೂಡ ಏರುಕ್ರಮದಲ್ಲಿ ಅಂದವಾಗಿ ಕೂತಿವೆ, ಸರಿಯಾದ ಪಟ್ಟಿಯಲ್ಲಿ ಇವೆರಡೂ ಒಟ್ಟಿಗೆ ಆಗುವುದು ತೀರಾ ಅಪರೂಪ. ಲೀಟರನ್ನು ಒಂದೂವರೆಯಿಂದ ಗುಣಿಸಿದರೆ ಪ್ರತಿ ಸಾಲಿನಲ್ಲೂ ಮೊತ್ತ ತಾಳೆಯಾಗುತ್ತದೆ. ಒಟ್ಟು ಬೋನಸ್ ಮೊದಲೂ 10,110 ರೂಪಾಯಿ, ಈಗಲೂ 10,110 ರೂಪಾಯಿ. ನಡುವಿನ ಲಲಿತಳ ಸಾಲು ಆಕಸ್ಮಿಕವಾಗಿ ಪೂರ್ತಿ ಸರಿಯಾಗಿಯೇ ಉಳಿದಿದೆ. ಯಾರಾದರೂ ಒಂದು ಸಾಲನ್ನು ಮಾತ್ರ ಪಾಸ್‌ಬುಕ್ಕಿಗೆ ಹೋಲಿಸಿ ನೋಡಿದರೆ, ಅದು ಲಲಿತಳ ಸಾಲೇ ಆಗಿದ್ದರೆ, ಪಟ್ಟಿ ಪಾಸ್ ಆಗಿಬಿಡುತ್ತದೆ.

ಆದರೆ ಐತಪ್ಪನ 3900 ರೂಪಾಯಿ ಈಗ ಸುಂದರನ ಖಾತೆಯ ಮುಂದಿದೆ, ಬಾಬುವಿನ 2970 ಐತಪ್ಪನ ಖಾತೆಯ ಮುಂದಿದೆ, ಸುಂದರನ 2160 ಬಾಬುವಿನ ಖಾತೆಯ ಮುಂದಿದೆ. ನೋಟಿಸ್ ಬೋರ್ಡಿನ ಪ್ರತಿಯಲ್ಲಿ ಯಾವ ತಪ್ಪೂ ಇಲ್ಲ. ಇದೇ ಫೈಲು ಬ್ಯಾಂಕಿಗೆ ಹೋದಾಗ ತಪ್ಪು ಹೊರಬೀಳುತ್ತದೆ.

## ಬ್ಯಾಂಕು ಹೆಸರನ್ನು ನೋಡಿ ತಡೆಯುವುದಿಲ್ಲವೇ?

ತಡೆಯುತ್ತದೆ ಎಂದು ನಂಬಿ ಕೂರಬಾರದು. ವಿದ್ಯುನ್ಮಾನ ಪಾವತಿಯಲ್ಲಿ ಹಣ ಜಮೆ ಮಾಡುವ ಬ್ಯಾಂಕು ಖಾತೆ ಸಂಖ್ಯೆಯನ್ನಷ್ಟೇ ಆಧಾರವಾಗಿ ಇಟ್ಟುಕೊಳ್ಳಬಹುದು, ಹೆಸರು ಸರಿಯಾಗಿ ಕೊಡುವ ಹೊಣೆ ಕಳುಹಿಸುವವರದು ಎಂದು ರಿಸರ್ವ್ ಬ್ಯಾಂಕ್ 2010ರ ಅಕ್ಟೋಬರಿನಲ್ಲೇ ಸುತ್ತೋಲೆ ಹೊರಡಿಸಿದೆ. ಆನ್‌ಲೈನಿನಲ್ಲಿ ನೆಫ್ಟ್, ಆರ್‌ಟಿಜಿಎಸ್ ಮಾಡುವಾಗ ಹಣ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ ಒಂದರೊಳಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಲಾಗಿತ್ತು. ಒಬ್ಬೊಬ್ಬರಿಗೆ ಕಳುಹಿಸುವಾಗ ಅದು ಬಹಳ ಉಪಕಾರಿ. ನೂರಾರು ಸಾಲಿನ ಪಟ್ಟಿಯನ್ನು ಒಮ್ಮೆಲೇ ಕೊಡುವ ಸೊಸೈಟಿಯವರು ಪಟ್ಟಿಯನ್ನು ತಾವೇ ಸರಿಯಿಟ್ಟು ಕೊಡುವುದು ಕ್ಷೇಮ. ತಪ್ಪು ಖಾತೆಗೆ ಹೋದ ಹಣವನ್ನು ಅಲ್ಲಿಂದ ವಾಪಸ್ ತರಲು ಆ ಖಾತೆದಾರರ ಒಪ್ಪಿಗೆ ಬೇಕಾಗುತ್ತದೆ. ಅಷ್ಟರಲ್ಲಿ ಅದು ಪಶುಆಹಾರಕ್ಕೋ ಮಕ್ಕಳ ಫೀಸಿಗೋ ಖರ್ಚಾಗಿರಲೂ ಸಾಕು.

## ಎಕ್ಸೆಲ್ ಯಾವಾಗ ಎಚ್ಚರಿಸುತ್ತದೆ, ಯಾವಾಗ ಸುಮ್ಮನಿರುತ್ತದೆ

ಒಂದೇ ಕಾಲಂ ಆಯ್ದು ಸಾರ್ಟ್ ಒತ್ತಿದರೆ, ಪಕ್ಕದಲ್ಲಿ ಬೇರೆ ಮಾಹಿತಿ ಇದ್ದಾಗ, ಎಕ್ಸೆಲ್ `Sort Warning` ಎಂಬ ಚೌಕ ತೋರಿಸುತ್ತದೆ. ಅದರಲ್ಲಿ ಎರಡು ಆಯ್ಕೆ. `Expand the selection` ಎಂದರೆ ಪಕ್ಕದ ಕಾಲಂಗಳನ್ನೂ ಸೇರಿಸಿಕೊ, `Continue with the current selection` ಎಂದರೆ ಆಯ್ದಿದ್ದನ್ನು ಮಾತ್ರ ಅಲುಗಿಸು. ಮೊದಲನೆಯದೇ ತಾನಾಗಿ ಗುರುತಾಗಿರುತ್ತದೆ, ಅದನ್ನು ಹಾಗೇ ಬಿಟ್ಟು ಮುಂದುವರಿಯಬೇಕು. ಲಿಬ್ರೆ ಆಫೀಸಿನ ಕ್ಯಾಲ್ಕ್ ಕೂಡ ಹೀಗೆಯೇ ಕೇಳುತ್ತದೆ, ಅಲ್ಲಿ ಒತ್ತಬೇಕಾದದ್ದು `Extend selection`.

ಒಂದಕ್ಕಿಂತ ಹೆಚ್ಚು ಕಾಲಂ ಆಯ್ದರೆ ಎಕ್ಸೆಲ್ ಏನೂ ಕೇಳುವುದಿಲ್ಲ. ಮಾದರಿ ಪಟ್ಟಿಯಲ್ಲಿ ಆದದ್ದು ಇದೇ. ಎಚ್ಚರಿಕೆಯ ಚೌಕವನ್ನು ನೋಡಿ ಅಭ್ಯಾಸವಾದವರು ಚೌಕ ಬರಲಿಲ್ಲ ಎಂದರೆ ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತಾರೆ. ಅದು ಸರಿಯಾದ ತಿಳಿವಳಿಕೆಯಲ್ಲ.

ಖಾಲಿ ಕಾಲಂ ಇದ್ದಾಗಲೂ ಹೀಗೆಯೇ. ಪಟ್ಟಿಯ ಒಳಗೆ ಎಲ್ಲೋ ಒಂದು ಸೆಲ್ ಮೇಲೆ ಕ್ಲಿಕ್ ಮಾಡಿ ಸಾರ್ಟ್ ಒತ್ತಿದರೆ, ಪಟ್ಟಿ ಎಲ್ಲಿಂದ ಎಲ್ಲಿಯವರೆಗೆ ಎಂದು ಎಕ್ಸೆಲ್ ತಾನೇ ಊಹಿಸುತ್ತದೆ. ಪೂರ್ತಿ ಖಾಲಿ ಇರುವ ಕಾಲಂ ಅಥವಾ ಸಾಲು ಸಿಕ್ಕಿದರೆ ಪಟ್ಟಿ ಅಲ್ಲಿಗೆ ಮುಗಿಯಿತು ಎಂದು ತಿಳಿಯುತ್ತದೆ. ನೋಡಲು ಚೆನ್ನಾಗಿರಲಿ ಎಂದು ಮೊತ್ತಕ್ಕೂ ಖಾತೆಗೂ ನಡುವೆ ಒಂದು ಕಾಲಂ ಖಾಲಿ ಬಿಡುವ ರೂಢಿ ಹಲವರಿಗಿದೆ. ಆ ಅಂತರದ ಆಚೆಗಿನ ಖಾತೆಗಳು ಅಲ್ಲೇ ಉಳಿಯುತ್ತವೆ, ಈಚೆಗಿನ ಹೆಸರುಗಳು ಓಡಾಡುತ್ತವೆ. ಸಾರ್ಟ್‌ಗೆ ಮೊದಲು ಪಟ್ಟಿಯೊಳಗೆ ನಿಂತು `Ctrl+A` ಒತ್ತಿದರೆ ಎಕ್ಸೆಲ್ ಊಹಿಸಿದ ಪಟ್ಟಿ ಎಷ್ಟು ಎಂಬುದು ಬಣ್ಣದಲ್ಲಿ ಕಾಣುತ್ತದೆ. ಬಣ್ಣ ಎಲ್ಲಿ ನಿಂತಿತೋ ಸಾರ್ಟ್ ಕೂಡ ಅಲ್ಲೇ ನಿಲ್ಲುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಯಾರೂ ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಹೆಚ್ಚು ಮಂದಿಗೆ ಗೊತ್ತಿರದ ಇನ್ನೊಂದು ದಾರಿ ಫಿಲ್ಟರ್‌ನದು. ಶಿರೋನಾಮೆಯ ಸಾಲಿಗೆ ಫಿಲ್ಟರ್ ಹಾಕಿ, ಅದರ ಬಾಣದಿಂದಲೇ ಸಾರ್ಟ್ ಮಾಡುವುದು ಒಳ್ಳೆಯ ಅಭ್ಯಾಸ. ಆದರೆ ಫಿಲ್ಟರ್ ಹಾಕಿದ ಮೇಲೆ ಬಲಗಡೆಗೆ ಹೊಸದಾಗಿ ಮೊಬೈಲ್ ಸಂಖ್ಯೆಯ ಕಾಲಂ ಸೇರಿಸಿದರೆ ಅದು ಫಿಲ್ಟರಿನ ಒಳಗೆ ಬಂದಿರುವುದಿಲ್ಲ. ಅದರ ತಲೆಯ ಮೇಲೆ ಬಾಣದ ಗುರುತು ಇರುವುದಿಲ್ಲ, ಕಣ್ಣಿಗೆ ಕಾಣುವ ಲಕ್ಷಣ ಅದೊಂದೇ. ಮುಂದಿನ ಸಾರ್ಟ್‌ನಲ್ಲಿ ಎಲ್ಲ ಕಾಲಂಗಳೂ ಜಾಗ ಬದಲಿಸಿದರೂ ಮೊಬೈಲ್ ಸಂಖ್ಯೆಗಳು ಕದಲುವುದಿಲ್ಲ. ಫಿಲ್ಟರನ್ನು ಒಮ್ಮೆ ತೆಗೆದು ಮತ್ತೆ ಹಾಕಿದರೆ ಹೊಸ ಕಾಲಮೂ ಸೇರಿಕೊಳ್ಳುತ್ತದೆ.

## ಗೂಗಲ್ ಶೀಟ್ಸ್‌ನ ಎರಡು ಸಾರ್ಟ್‌ಗಳು

ಗೂಗಲ್ ಶೀಟ್ಸ್‌ನ `Data` ಮೆನುವಿನಲ್ಲಿ `Sort sheet` ಮತ್ತು `Sort range` ಎಂದು ಎರಡು ಬೇರೆ ಬೇರೆ ಆದೇಶಗಳಿವೆ. ಮೊದಲನೆಯದು ಇಡೀ ಹಾಳೆಯ ಸಾಲುಗಳನ್ನು ಪೂರ್ತಿಯಾಗಿ ಎತ್ತಿಡುತ್ತದೆ, ಸಾಲು ಒಡೆಯುವುದಿಲ್ಲ. ಆದರೆ ಶಿರೋನಾಮೆಯ ಸಾಲನ್ನು `Freeze` ಮಾಡಿರದಿದ್ದರೆ ಅದನ್ನೂ ಹೆಸರುಗಳ ನಡುವೆ ತೂರಿಸಿಬಿಡುತ್ತದೆ. ಕೆಳಗೆ ಒಟ್ಟು ಮೊತ್ತದ ಸಾಲು ಇದ್ದರೆ ಅದಕ್ಕೂ ಅದೇ ಗತಿ. ಎರಡನೆಯದು ಆಯ್ದ ವ್ಯಾಪ್ತಿಯನ್ನು ಮಾತ್ರ ಮುಟ್ಟುತ್ತದೆ, ಪಕ್ಕದಲ್ಲಿ ಇನ್ನೂ ಮಾಹಿತಿ ಇದೆ ಎಂದು ಎಕ್ಸೆಲ್‌ನಂತೆ ನೆನಪಿಸುವುದಿಲ್ಲ.

ಮೂಲ ಪಟ್ಟಿಯನ್ನು ಮುಟ್ಟದೆ ಅಕಾರಾದಿ ಪ್ರತಿ ಪಡೆಯುವ ದಾರಿಯೂ ಇದೆ. ಬೇರೊಂದು ಖಾಲಿ ಜಾಗದಲ್ಲಿ ಈ ಸೂತ್ರ ಬರೆದರೆ ಸಾಕು:

```
=SORT(A2:E5, 2, TRUE)
```

ಐದೂ ಕಾಲಂಗಳನ್ನು ಒಟ್ಟಿಗೆ ತೆಗೆದುಕೊಂಡು, ಎರಡನೆಯ ಕಾಲಂ ಆದ ಹೆಸರಿನ ಪ್ರಕಾರ ಜೋಡಿಸಿ ತೋರಿಸು ಎಂದು ಇದರ ಅರ್ಥ. ಎಕ್ಸೆಲ್‌ನ ಹೊಸ ಆವೃತ್ತಿಗಳಲ್ಲೂ ಈ ಸೂತ್ರ ಇದೆ, ಅಲ್ಲಿ `TRUE` ಬದಲು `1` ಬರೆಯಬೇಕು. ನೋಟಿಸ್ ಬೋರ್ಡಿನ ಪ್ರತಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೂಲ ಪಟ್ಟಿ ಸದಸ್ಯ ಸಂಖ್ಯೆಯ ಕ್ರಮದಲ್ಲೇ ಇರುತ್ತದೆ, ಅಕಾರಾದಿ ಬೇಕಾದವರು ಪ್ರತಿಯನ್ನು ನೋಡಬಹುದು.

## ಹಳೆಯ ನುಡಿ ಫಾಂಟು ತರುವ ತೊಡಕು

ಕನ್ನಡದ ಪಟ್ಟಿಗಳಿಗೇ ಮೀಸಲಾದ ಒಂದು ಕಾರಣವಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದಾಗ `PÀ£ÀßqÀ` ಎಂದು ಕಾಣುವುದು ಇದಕ್ಕೇ. ನುಡಿಯಲ್ಲಿ ಅ ಎಂದರೆ ಒಳಗೆ `C`, ಬಸವ ಎಂಬುದರ ಮೊದಲ ಅಕ್ಷರ ಒಳಗೆ `§` ಚಿಹ್ನೆ. ಎಕ್ಸೆಲ್ ಚಿಹ್ನೆಗಳನ್ನು ಅಕ್ಷರಗಳಿಗಿಂತ ಮೊದಲು ಇಡುವುದರಿಂದ ಬಸವ ಬಂದು ಅಶೋಕನಿಗಿಂತ ಮೇಲೆ ಕೂರುತ್ತಾನೆ.

ಇಲ್ಲಿಯವರೆಗೆ ಸಾಲು ಒಡೆದಿಲ್ಲ, ಕ್ರಮ ಮಾತ್ರ ವಿಚಿತ್ರವಾಗಿದೆ. ಅನಾಹುತ ಆಗುವುದು ಆಮೇಲೆ. ಸಾರ್ಟ್ ಸರಿ ಬರಲಿಲ್ಲ ಎಂದು ಬೇಸತ್ತು ಹೆಸರುಗಳನ್ನಷ್ಟೇ ಕಟ್, ಪೇಸ್ಟ್ ಮಾಡಿ ಕೈಯಿಂದ ಜೋಡಿಸಲು ಹೊರಡುತ್ತಾರೆ. ಕೈಯಿಂದ ಮಾಡುವಾಗ ಯಾವ ಎಚ್ಚರಿಕೆಯ ಚೌಕವೂ ಬರುವುದಿಲ್ಲ. ಹೆಸರಿನ ಕಾಲಮನ್ನು ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತಂದುಕೊಂಡು, ಅದೇ ಸಾಲುಗಳಲ್ಲಿ ಅದೇ ಕ್ರಮದಲ್ಲಿ ಅಂಟಿಸಿ, ಆಮೇಲೆ ಪೂರ್ತಿ ಪಟ್ಟಿಯನ್ನು ಸಾರ್ಟ್ ಮಾಡಿದರೆ ಸ್ವರಗಳು ಮೊದಲು, ವ್ಯಂಜನಗಳು ಆಮೇಲೆ ಎಂಬ ನಮ್ಮ ವರ್ಣಮಾಲೆಯ ಕ್ರಮವೇ ಬರುತ್ತದೆ. ಅರ್ಧ ಹೆಸರು ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಇದ್ದರೆ ಅವು ಎರಡು ಗುಂಪಾಗಿ ನಿಲ್ಲುತ್ತವೆ. ಅದಕ್ಕೆ ಸಾರ್ಟ್‌ನಲ್ಲಿ ಮದ್ದಿಲ್ಲ, ಬರಹ ಒಂದೇ ಮಾಡಬೇಕು.

## ಒಟ್ಟು ಮೊತ್ತ ನೋಡಿದರೆ ಸಾಲದು

ಲೆಕ್ಕ ಪರಿಶೀಲಿಸುವಾಗ ಎಲ್ಲರೂ ಮೊದಲು ನೋಡುವುದು ಕೆಳಗಿನ ಒಟ್ಟು ಮೊತ್ತವನ್ನು. ಸಾಲು ಒಡೆದಾಗ ಅದು ಯಾವ ಸುಳಿವನ್ನೂ ಕೊಡುವುದಿಲ್ಲ, ಏಕೆಂದರೆ ಒಂದು ಕಾಲಮಿನ ಅಂಕಿಗಳನ್ನು ಹೇಗೆ ಕಲೆಸಿದರೂ ಕೂಡಿದ ಮೊತ್ತ ಒಂದೇ. ಹಿಡಿಯಬೇಕಾದರೆ ಎರಡು ಕಾಲಂಗಳನ್ನು ಒಂದಕ್ಕೊಂದು ಕಟ್ಟುವ ಲೆಕ್ಕ ಬೇಕು. ಸದಸ್ಯ ಸಂಖ್ಯೆಯನ್ನು ಮೊತ್ತದಿಂದ ಗುಣಿಸಿ ಎಲ್ಲ ಸಾಲುಗಳನ್ನು ಕೂಡುವುದು ಅಂಥದೊಂದು ಲೆಕ್ಕ:

```
=SUMPRODUCT(A2:A5, D2:D5)
```

ಮಾದರಿ ಪಟ್ಟಿಯ ಮೊದಲ ರೂಪದಲ್ಲಿ ಇದು 2,59,410 ಬರುತ್ತದೆ. ಸಾಲುಗಳನ್ನು ಪೂರ್ತಿಯಾಗಿ ಹೇಗೆ ಹಿಂದೆ ಮುಂದೆ ಮಾಡಿದರೂ ಅಷ್ಟೇ ಬರಬೇಕು. ಒಡೆದ ಪಟ್ಟಿಯಲ್ಲಿ 2,33,340 ಬರುತ್ತದೆ. ಈ ಅಂಕಿಗೆ ತನ್ನದೇ ಆದ ಅರ್ಥವೇನೂ ಇಲ್ಲ, ಸಾರ್ಟ್‌ಗೆ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟು ಆಮೇಲೆ ಹೋಲಿಸಲಿಕ್ಕಷ್ಟೇ ಅದು ಇರುವುದು. ಆದರೆ ಅದು ಕಾಯುವುದು A ಮತ್ತು D ಕಾಲಂಗಳ ಜೋಡಿಯನ್ನು ಮಾತ್ರ. ಹೆಸರಿನ ಕಾಲಂ ಒಂದೇ ಅಲುಗಿದ್ದರೆ ಈ ಲೆಕ್ಕಕ್ಕೆ ಗೊತ್ತಾಗುವುದಿಲ್ಲ.

ಎಲ್ಲವನ್ನೂ ಕಾಯಬೇಕಾದರೆ ಪ್ರತಿ ಸಾಲಿಗೂ ಒಂದು ಗುರುತು ಹಚ್ಚಬೇಕು. ಸಾರ್ಟ್‌ಗೆ ಮೊದಲು F ಕಾಲಮಿನಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

```
=A2&"|"&B2&"|"&C2&"|"&D2&"|"&E2
```

ಮೊದಲ ಸಾಲಿನಲ್ಲಿ ಅದು `14|ಸುಂದರ|1440|2160|7718` ಎಂದು ತೋರಿಸುತ್ತದೆ. ಈಗ ಆ ಕಾಲಮನ್ನು ನಕಲಿಸಿ, ಅದೇ ಜಾಗದಲ್ಲಿ `Paste Special` ಮೂಲಕ `Values` ಆಗಿ ಅಂಟಿಸಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಇಡೀ ಪರೀಕ್ಷೆ ವ್ಯರ್ಥ. ಸೂತ್ರವಾಗಿಯೇ ಉಳಿದರೆ ಅದು ಸಾರ್ಟ್ ಆದ ಮೇಲೆ ಹೊಸ ನೆರೆಹೊರೆಯನ್ನು ನೋಡಿ ತನ್ನನ್ನು ತಾನೇ ಬದಲಿಸಿಕೊಳ್ಳುತ್ತದೆ, ಒಡೆದ ಸಾಲನ್ನೂ ಸರಿ ಎನ್ನುತ್ತದೆ. ಸಾರ್ಟ್ ಆದ ಮೇಲೆ G ಕಾಲಮಿನಲ್ಲಿ ಹೋಲಿಸಿ:

```
=IF(A2&"|"&B2&"|"&C2&"|"&D2&"|"&E2=F2,"","ತಪ್ಪು")
```

ಕಾಲಂ ಪೂರ್ತಿ ಖಾಲಿ ಕಂಡರೆ ಪಟ್ಟಿ ಗಟ್ಟಿಯಾಗಿದೆ. ಮಾದರಿಯ ಒಡೆದ ಪಟ್ಟಿಯಲ್ಲಿ ಮೂರು ಸಾಲುಗಳಿಗೆ ತಪ್ಪು ಎಂದು ಬರುತ್ತದೆ, ಲಲಿತಳ ಸಾಲಿಗೆ ಬರುವುದಿಲ್ಲ.

## ಕ್ರಮಸಂಖ್ಯೆಯೂ ಮೋಸ ಮಾಡುತ್ತದೆ

ಸಾರ್ಟ್ ಮಾಡುವ ಮೊದಲು 1, 2, 3 ಎಂದು ಒಂದು ಕಾಲಂ ಹಾಕಿಟ್ಟರೆ, ಆಮೇಲೆ ಅದರ ಪ್ರಕಾರ ಸಾರ್ಟ್ ಮಾಡಿ ಹಳೆಯ ಕ್ರಮಕ್ಕೆ ಮರಳಬಹುದು. ಆ ಸಂಖ್ಯೆಗಳನ್ನು `=ROW()-1` ಎಂದು ಸೂತ್ರದಿಂದ ತರಿಸಿದ್ದರೆ ಅವು ಸಾಲಿನ ಜೊತೆ ಹೋಗುವುದಿಲ್ಲ. ಪ್ರತಿ ಸಾರ್ಟ್ ಆದಾಗಲೂ ಮೇಲಿನಿಂದ 1, 2, 3 ಎಂದು ಹೊಸದಾಗಿ ಎಣಿಸಿಕೊಳ್ಳುತ್ತವೆ. `=A2+1` ಎಂದು ಮೇಲಿನ ಸೆಲ್‌ಗೆ ಒಂದು ಕೂಡುವ ಸೂತ್ರವೂ ಸಾರ್ಟ್‌ನಲ್ಲಿ ಕೆಡುತ್ತದೆ. ಹಿಂದಿನ ಸಾಲಿನ ಬಾಕಿಗೆ ಇಂದಿನದನ್ನು ಕೂಡುತ್ತಾ ಹೋಗುವ ಉಳಿತಾಯದ ಪಟ್ಟಿಗೂ ಇದೇ ಮಾತು ಸಲ್ಲುತ್ತದೆ: ಅಲ್ಲಿ ಸಾಲುಗಳು ಒಡೆಯದೆ ಸರಿದರೂ ಸಾರ್ಟ್ ಮಾಡಿದೊಡನೆ ಬಾಕಿಯ ಅಂಕಿಗಳಿಗೆ ಅರ್ಥ ಉಳಿಯುವುದಿಲ್ಲ. ಅಂಥ ಪಟ್ಟಿಯನ್ನು ದಿನಾಂಕದ ಕ್ರಮದಲ್ಲೇ ಬಿಟ್ಟು, ಬೇಕಾದವರ ಲೆಕ್ಕವನ್ನು ಫಿಲ್ಟರ್ ಹಾಕಿ ನೋಡುವುದು ಲೇಸು.

ದಿನನಿತ್ಯ ಬಳಸುವ ಪಟ್ಟಿಯನ್ನು ಎಕ್ಸೆಲ್‌ನಲ್ಲಿ `Ctrl+T` ಒತ್ತಿ ಟೇಬಲ್ ಆಗಿ ಮಾಡಿಡುವುದು ನಾನು ಎಲ್ಲರಿಗೂ ಹೇಳುವ ಸಲಹೆ. ಟೇಬಲಿನ ಗಡಿ ಎಲ್ಲಿಯವರೆಗೆ ಎಂಬುದು ಎಕ್ಸೆಲ್‌ಗೆ ಆಗ ಗೊತ್ತಿರುತ್ತದೆ, ಊಹಿಸಬೇಕಾಗಿಲ್ಲ. ಶಿರೋನಾಮೆಯ ಬಾಣದಿಂದ ಸಾರ್ಟ್ ಮಾಡಿದಾಗ ಅದರ ಎಲ್ಲ ಕಾಲಂಗಳೂ ಒಟ್ಟಿಗೆ ಚಲಿಸುತ್ತವೆ, ನಡುವೆ ಖಾಲಿ ಕಾಲಂ ಇದ್ದರೂ ಪಟ್ಟಿ ತುಂಡಾಗುವುದಿಲ್ಲ.

## ಒಡೆದ ಮೇಲೆ ಏನು ಮಾಡಬಹುದು

ಆಗಲೇ ಗಮನಕ್ಕೆ ಬಂದರೆ `Ctrl+Z` ಸಾಕು. ಕಡತ ಉಳಿಸಿ ಮುಚ್ಚಿದ ಮೇಲೆ ಅದು ನೆರವಿಗೆ ಬರುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಿ `File` ಮೆನುವಿನ `Version history` ಒಳಗೆ ಹಳೆಯ ರೂಪಗಳು ಸಿಗುತ್ತವೆ, ಒನ್‌ಡ್ರೈವ್‌ನಲ್ಲಿ ಇಟ್ಟ ಎಕ್ಸೆಲ್ ಕಡತಕ್ಕೂ ಈ ಸೌಲಭ್ಯವಿದೆ. ಒಡೆದ ಮೇಲೆ ಹಲವು ದಿನ ಕೆಲಸ ಮಾಡಿದ್ದರೆ ಇಡೀ ಕಡತವನ್ನು ಹಿಂದಕ್ಕೆ ಒಯ್ಯುವುದು ಬೇಡ, ನಡುವೆ ಸೇರಿಸಿದ್ದು ಹೋಗುತ್ತದೆ. ಹಳೆಯ ಪ್ರತಿಯನ್ನು `Old` ಎಂಬ ಹಾಳೆಯಾಗಿ ಪಕ್ಕದಲ್ಲಿಟ್ಟುಕೊಂಡು, ಸದಸ್ಯ ಸಂಖ್ಯೆಯ ಆಧಾರದಲ್ಲಿ ಹೆಸರನ್ನು ಮರಳಿ ತರಬಹುದು:

```
=VLOOKUP(A2, Old!$A$2:$E$5, 2, FALSE)
```

ಕೊನೆಯ `FALSE` ಮರೆಯಬಾರದು. ಅದಿಲ್ಲದಿದ್ದರೆ ಸಂಖ್ಯೆ ಸಿಗದಾಗ ಹತ್ತಿರದ ಇನ್ನೊಂದು ಸಂಖ್ಯೆಯ ಹೆಸರನ್ನು ತಂದು ಕೂರಿಸಬಹುದು. `2` ಬದಲು `5` ಹಾಕಿದರೆ ಖಾತೆ ಬರುತ್ತದೆ. ಇಲ್ಲಿ ಹುಡುಕುವ ಕೀಲಿಯಾಗಿ ಹೆಸರನ್ನು ಬಳಸಬಾರದು. ಮೂವರು ಅಬ್ದುಲ್ ರಹಿಮಾನ್, ನಾಲ್ವರು ಸುಂದರ ಇರುವ ಪಟ್ಟಿಯಲ್ಲಿ ಈ ಸೂತ್ರ ಪ್ರತಿ ಬಾರಿಯೂ ಮೊದಲು ಸಿಕ್ಕವರನ್ನೇ ತಂದುಕೊಡುತ್ತದೆ.

ಹಳೆಯ ಪ್ರತಿ ಎಲ್ಲಿಯೂ ಇಲ್ಲದಿದ್ದರೆ ಶೀಟಿನೊಳಗಿನಿಂದ ದುರಸ್ತಿ ಸಾಧ್ಯವಿಲ್ಲ. ಯಾವ ಹೆಸರು ಯಾವ ಸಾಲಿನಲ್ಲಿತ್ತು ಎಂಬುದನ್ನು ಸಾರ್ಟ್ ಎಲ್ಲಿಯೂ ಬರೆದಿಡುವುದಿಲ್ಲ, ಮತ್ತೊಮ್ಮೆ ಸಾರ್ಟ್ ಮಾಡಿದರೆ ಮತ್ತಷ್ಟು ಕಲೆಸುತ್ತದೆ. ಆಗ ಉಳಿಯುವುದು ಕಾಗದ ಮಾತ್ರ: ಸೊಸೈಟಿಯ ಸದಸ್ಯತ್ವ ಪುಸ್ತಕ, ಸದಸ್ಯರ ಹಾಲಿನ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು. ಮೊದಲು ಪಾವತಿಯನ್ನು ನಿಲ್ಲಿಸಿ, ಸದಸ್ಯತ್ವ ಪುಸ್ತಕದಿಂದ ಸಂಖ್ಯೆಗೆ ಹೆಸರು, ಪಾಸ್‌ಬುಕ್ಕಿನಿಂದ ಹೆಸರಿಗೆ ಖಾತೆ ಎಂದು ಎರಡು ಹಂತದಲ್ಲಿ ಹೊಸ ಹಾಳೆ ಕಟ್ಟಬೇಕು. ಒಬ್ಬರು ಓದಿ ಹೇಳುತ್ತಾ ಇನ್ನೊಬ್ಬರು ಟೈಪ್ ಮಾಡಿದರೆ ಕೆಲಸ ಬೇಗ ಆಗುತ್ತದೆ, ತಪ್ಪೂ ಕಡಿಮೆ. ಖಾತೆಯ ಕಾಲಮನ್ನು ಟೈಪ್ ಮಾಡುವ ಮೊದಲೇ `Text` ಎಂದು ಗೊತ್ತುಮಾಡಿಡಿ, ಇಲ್ಲದಿದ್ದರೆ 0342ರ ಮುಂದಿನ ಸೊನ್ನೆ ಹೋಗಿ 342 ಆಗುತ್ತದೆ. ಹೀಗೆ ಕಟ್ಟಿದ ಹಾಳೆಗೆ ಅಂದೇ F ಕಾಲಮಿನ ಗುರುತು ಹಚ್ಚಿ, ಅದರ ಒಂದು ಪ್ರತಿಯನ್ನು ದಿನಾಂಕ ಬರೆದು ಬೇರೆ ಕಡೆ ಉಳಿಸಿ, ಆಮೇಲೆ ಬ್ಯಾಂಕಿಗೆ ಕಳುಹಿಸಬಹುದು.